ದುಬೈಗೆ ಹೊರಟ ಬಾಣಂತಿಯ ಗಂಟು

ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರಿನಲ್ಲಿ ಸೂಟ್‌ಕೇಸನ್ನು ತೂಕಕ್ಕೆ ಇಟ್ಟಾಗ ಅಲ್ಲಿ ಕುಳಿತವರು ಎರಡು ಪ್ರಶ್ನೆ ಕೇಳುತ್ತಾರೆ. ಈ ಚೀಲಗಳನ್ನು ನೀವೇ ತುಂಬಿದ್ದೀರಾ? ಒಯ್ಯಲಿಕ್ಕೆ ಅಂತ ಬೇರೆ ಯಾರಾದರೂ ಏನಾದರೂ ಕೊಟ್ಟಿದ್ದಾರಾ? ದಿನಕ್ಕೆ ನೂರಾರು ಜನರನ್ನು ಕೇಳುವ ಪ್ರಶ್ನೆಯಾದ್ದರಿಂದ ಕೇಳುವವರ ದನಿಯಲ್ಲಿ ಕಾಳಜಿ ಕಾಣುವುದಿಲ್ಲ. ನಾವೂ ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ ಎಂದುಬಿಡುತ್ತೇವೆ. ಆಮೇಲೆ ಚೀಲದ ಹಿಡಿಕೆಗೆ ಒಂದು ಉದ್ದನೆಯ ಕಾಗದದ ಪಟ್ಟಿ ಸುತ್ತುತ್ತಾರೆ. ಅದರದೇ ಒಂದು ತುಂಡನ್ನು ಬೋರ್ಡಿಂಗ್ ಪಾಸಿಗೆ ಅಂಟಿಸಿ ಕೊಡುತ್ತಾರೆ. ಆ ಪಟ್ಟಿಯ ಮೇಲೆ ನಮ್ಮ ಹೆಸರಿರುತ್ತದೆ, ಸಂಖ್ಯೆ ಇರುತ್ತದೆ. ಅಲ್ಲಿಂದ ಮುಂದೆ ಯಾವ ದೇಶದ ಅಧಿಕಾರಿ ಆ ಚೀಲ ತೆರೆದರೂ ಒಳಗಿನದೆಲ್ಲ ನಮ್ಮದು. ಓಣಿಯವರು ಕೊಟ್ಟ ಪೊಟ್ಟಣವೂ ನಮ್ಮದೇ.

ನಮ್ಮ ಕಡೆ ಊರಿಗೆ ಹೊರಟವರ ಕೈಯಲ್ಲಿ ಏನಾದರೂ ಕೊಟ್ಟು ಕಳಿಸುವುದು ಹಳೆಯ ರೂಢಿ. ಹುಬ್ಬಳ್ಳಿಯಿಂದ ಪುಣೆಗೆ ಹೋಗುವವರು ಒಂದು ಡಬ್ಬಿ ಚಟ್ನಿಪುಡಿ ಒಯ್ಯಲು ಒಲ್ಲೆ ಎಂದರೆ ಅವರ ಮನಸ್ಸು ಸಣ್ಣದು ಎಂದೇ ಅರ್ಥ. ಆ ರೂಢಿ ಹಾಗೆಯೇ ವಿಮಾನ ಹತ್ತಿ ಪರದೇಶಕ್ಕೂ ಹೊರಟಿದೆ. ಗಡಿ ದಾಟುವಾಗ ಅದು ಬೇರೆಯೇ ಕೆಲಸವಾಗುತ್ತದೆ ಎಂಬುದನ್ನು ಕೇಳುವವರೂ ಒಪ್ಪುವವರೂ ಯೋಚಿಸುವುದು ಕಡಿಮೆ. ಕೊಟ್ಟವರು ಎಷ್ಟೇ ಒಳ್ಳೆಯವರಾಗಿರಲಿ, ಕಟ್ಟಿದ ಗಂಟನ್ನು ಒಯ್ಯಬಾರದು ಎನ್ನುವವಳು ನಾನು. ಕಳ್ಳಸಾಗಣೆಯವರ ಭಯ ಇದಕ್ಕೆ ಅರ್ಧ ಕಾರಣ ಮಾತ್ರ. ಉಳಿದ ಅರ್ಧ ಕಾರಣ ನಮ್ಮ ಅಡುಗೆಮನೆಯಲ್ಲೇ ಇದೆ. ಅದನ್ನು ಮೊದಲು ಹೇಳುತ್ತೇನೆ.

ತಂಗಿಯ ಮನೆಗೆಂದು ನಾನು ಶಾರ್ಜಾಕ್ಕೆ ಹೊರಟಿದ್ದಾಗ ನಮ್ಮ ಓಣಿಯ ಕಾಕು ಒಬ್ಬರು ಬಂದರು. ಅವರ ಮಗಳು ದುಬೈನಲ್ಲಿ ಹಡೆದಿದ್ದಳು. ವೀಸಾದ ತೊಡಕಿನಿಂದ ಕಾಕು ಹೋಗಲಾಗಿರಲಿಲ್ಲ. "ಒಂದ್ ಸಣ್ಣ ಗಂಟು ಅಷ್ಟ ಐತವ್ವಾ, ಎರಡ್ ಕಿಲೋನೂ ಇಲ್ಲ. ಮಗಳು ಬಾಣಂತಿ ಅದಾಳ, ಒಲ್ಲೆ ಅನಬ್ಯಾಡ" ಎಂದರು. "ಗಂಟು ಕಟ್ಟಬ್ಯಾಡ್ರಿ ಕಾಕು. ಏನೇನ್ ಕಳಿಸಬೇಕಂತೀರಿ, ಬಿಚ್ಚಿಟ್ಟ ತೋರಸ್ರಿ" ಎಂದೆ. ಮರುದಿನ ನಡುಮನೆಯಲ್ಲಿ ಚಾಪೆ ಹಾಸಿ ಎಲ್ಲವನ್ನೂ ಹರವಿದೆವು. ಒಂದು ಡಬ್ಬಿ ಅಂಟಿನುಂಡಿ. ಉಡಿ ತುಂಬಲು ಒಂದು ಜೋಡಿ ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಉತ್ತತ್ತಿ, ಗುಳೇದಗುಡ್ಡದ ಖಣ. ಕೂಸಿಗೆ ಕೈಯಿಂದ ಹೆಣೆದ ಕುಲಾಯಿ. ಅಳಿಯನಿಗೆ ಕೆಮ್ಮು ಬಿಡುತ್ತಿಲ್ಲವೆಂದು ಒಂದು ಬಾಟಲಿ ಸಿರಪ್ಪು, ಬೆನ್ನುನೋವಿಗೆ ಒಂದು ಪಟ್ಟಿ ಮಾತ್ರೆ. ಒಬ್ಬ ತಾಯಿ ಮಗಳಿಗೆ ಕಳಿಸಬಹುದಾದ ಇದಕ್ಕಿಂತ ನಿರ್ಮಲವಾದ ಗಂಟು ಇರಲಾರದು. ಆದರೂ ಅದರಲ್ಲಿ ವಿಮಾನ ಹತ್ತಲಾರದ್ದು, ದುಬೈಯಲ್ಲಿ ಇಳಿಯಲಾರದ್ದು, ಇಳಿಸಿದರೆ ನನ್ನನ್ನು ಪೊಲೀಸರ ಮುಂದೆ ನಿಲ್ಲಿಸಬಹುದಾದದ್ದು ಎಲ್ಲವೂ ಇದ್ದವು.

ಅಂಟಿನುಂಡಿಯಿಂದ ಶುರುಮಾಡೋಣ. ತುಪ್ಪದಲ್ಲಿ ಅರಳಿಸಿದ ಅಂಟು, ತುರಿದ ಒಣಕೊಬ್ಬರಿ, ಉತ್ತತ್ತಿ, ಬೆಲ್ಲ, ಏಲಕ್ಕಿ, ಜೊತೆಗೆ ಹುರಿದ ಗಸಗಸೆ. ಬಾಣಂತಿಗೆ ಮಾಡುವಾಗ ನಮ್ಮವರು ಗಸಗಸೆಯ ಕೈ ಬಿಗಿಹಿಡಿಯುವುದಿಲ್ಲ. ಈ ಗಸಗಸೆ ಅಫೀಮು ಗಿಡದ ಬೀಜ. ಅದೇ ಗಿಡದ ಹಸಿ ಕಾಯಿಗೆ ಗೀರು ಹಾಕಿದಾಗ ಒಸರುವ ಹಾಲಿನಿಂದ ಅಫೀಮು, ಅದರಿಂದ ಮಾರ್ಫಿನ್ ಮತ್ತು ಕೋಡೀನ್ ಬರುತ್ತವೆ. ಬೀಜದೊಳಗೆ ಮಾದಕ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಕಾಯಿ ಒಡೆದು ಬೀಜ ಬೇರ್ಪಡಿಸುವಾಗ ಹಾಲಿನ ಅಂಶ ಬೀಜದ ಹೊರಮೈಗೆ ಅಂಟಿಕೊಳ್ಳುತ್ತದೆ. ಅದು ಪ್ರಯೋಗಾಲಯದಲ್ಲಿ ಸಿಕ್ಕಿಬೀಳುವಷ್ಟು ಇರಬಹುದು. ನಮ್ಮ ದೇಶದ ಕಾನೂನು ಬೀಜವನ್ನು ಬೇರೆಯಾಗಿಯೇ ನೋಡುತ್ತದೆ. 1985ರ ಮಾದಕವಸ್ತು ಕಾಯ್ದೆಯು ಕೊಯ್ಲಾದ ಅಫೀಮು ಗಿಡದ ಎಲ್ಲ ಭಾಗಗಳನ್ನೂ ತನ್ನ ಹಿಡಿತಕ್ಕೆ ತೆಗೆದುಕೊಳ್ಳುವಾಗ ಬೀಜವೊಂದನ್ನು ಹೊರಗಿಟ್ಟಿದೆ. ಹಾಗಾಗಿ ಕಿರಾಣಿ ಅಂಗಡಿಯಲ್ಲಿ ಗಸಗಸೆ ರಾಜಾರೋಷವಾಗಿ ಸಿಗುತ್ತದೆ, ಹಬ್ಬಕ್ಕೆ ಪಾಯಸವಾಗುತ್ತದೆ. ಯುಎಇ, ಸೌದಿ ಅರೇಬಿಯಾ ಈ ಭೇದ ಮಾಡುವುದಿಲ್ಲ. ಅಲ್ಲಿ ಗಸಗಸೆ ಒಯ್ಯುವುದು ನಿಷಿದ್ಧ. 2008ರಲ್ಲಿ ಬ್ರಿಟನ್ನಿನ ಫೇರ್ ಟ್ರಯಲ್ಸ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ ಒಂದು ಪ್ರಕರಣವನ್ನು ಬೆಳಕಿಗೆ ತಂದಿತ್ತು. ಬ್ರೆಡ್ಡಿನಿಂದ ಉದುರಿ ಬಟ್ಟೆಗೆ ಅಂಟಿದ್ದ ಕೆಲವೇ ಗಸಗಸೆ ಕಾಳುಗಳಿಗಾಗಿ ಒಬ್ಬ ಸ್ವಿಸ್ ಪ್ರಯಾಣಿಕನಿಗೆ ದುಬೈಯಲ್ಲಿ 4 ವರ್ಷ ಜೈಲಾಗಿದೆ ಎಂದು ಅದು ಹೇಳಿತ್ತು. ಪ್ರತಿಯೊಬ್ಬರಿಗೂ ಹಾಗಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಡಬ್ಬಿ ಕಸಿದುಕೊಂಡು ಕಳಿಸಿಬಿಡಲೂಬಹುದು. ಆದರೆ ಆ ಎರಡರಲ್ಲಿ ಯಾವುದು ಎಂಬ ತೀರ್ಮಾನ ನನ್ನ ಕೈಯಲ್ಲೂ ಇಲ್ಲ, ಕಾಕುವಿನ ಕೈಯಲ್ಲೂ ಇಲ್ಲ.

ಮುಚ್ಚಿದ ಡಬ್ಬಿಯನ್ನು ನಾನು ಒಪ್ಪಿಕೊಂಡಿದ್ದರೆ ಇದು ನನಗೆ ಗೊತ್ತೇ ಆಗುತ್ತಿರಲಿಲ್ಲ. "ಉಂಡಿ ಅದಾವು" ಎಂದು ಕಾಕು ನಿಜವನ್ನೇ ಹೇಳುತ್ತಿದ್ದರು. ಗಸಗಸೆ ಹಾಕಿದ್ದೇನೆಂದು ಹೇಳಬೇಕೆಂಬುದು ಅವರಿಗೆ ಹೊಳೆಯುವುದು ಹೇಗೆ? ಮನೆಯಲ್ಲೇ ಕುಟ್ಟಿದ ಮಸಾಲೆಪುಡಿಯ ಕಥೆಯೂ ಹೀಗೆಯೇ. ಸಾಗುವಿಗೆ, ಕುರ್ಮಾಕ್ಕೆಂದು ಮಾಡಿದ ಪುಡಿಯಲ್ಲಿ ಗಸಗಸೆ ಇದೆಯೋ ಇಲ್ಲವೋ ಎಂಬುದು ಪುಡಿಯಾದ ಮೇಲೆ ನೋಡಿದವರಿಗೆ ತಿಳಿಯುವುದಿಲ್ಲ. ಹೆಸರು, ತಯಾರಿಕೆಯ ವಿವರ ಇಲ್ಲದ ಪ್ಲಾಸ್ಟಿಕ್ ಚೀಲದ ಪುಡಿಯನ್ನು ಅಧಿಕಾರಿಯೊಬ್ಬರು ಕೈಯಲ್ಲಿ ಹಿಡಿದು ಇದೇನು ಎಂದು ಕೇಳಿದರೆ, ಮಾಡಿದವರು ಉತ್ತರ ಹೇಳಬಲ್ಲರು. ಒಯ್ದವರು ಹೇಳಲಾರರು.

ಕೊಬ್ಬರಿ ಬಟ್ಟಲಿಗೆ ತಡೆ ನಾನು ವಿಮಾನ ಹತ್ತುವ ಬೆಂಗಳೂರಿನಲ್ಲೇ. ಇದು ಕಸ್ಟಮ್ಸ್ ನಿಯಮವಲ್ಲ, ವಿಮಾನದ ಸುರಕ್ಷತೆಯದು. ಒಣಕೊಬ್ಬರಿಯಲ್ಲಿ ಎಣ್ಣೆಯ ಅಂಶ ಬಹಳ. ಗಾಳಿಯೊಡನೆ ಸೇರಿ ತಾನಾಗಿ ಕಾವೇರುವ ಗುಣ ಅದಕ್ಕಿರುವುದರಿಂದ ಅಂತರರಾಷ್ಟ್ರೀಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ತಾನೇ ಹೊತ್ತಿಕೊಳ್ಳಬಲ್ಲ ವಸ್ತುಗಳ ಸಾಲಿನಲ್ಲಿ ಅದನ್ನು ಇಟ್ಟಿದ್ದಾರೆ. ಎಕ್ಸ್-ರೇಯಲ್ಲಿ ಆ ದುಂಡನೆಯ ಬಟ್ಟಲು ಸ್ಪಷ್ಟವಾಗಿ ಕಾಣುತ್ತದೆ. ಚೀಲ ತೆರೆಸಿ ಹೊರಗೆ ತೆಗೆಸುತ್ತಾರೆ. ಎಲೆ ಅಡಿಕೆಗೆ ತಡೆ ಆ ತುದಿಯಲ್ಲಿ. ಪಾನ್ ಮತ್ತು ವೀಳ್ಯದೆಲೆ ದುಬೈ ಕಸ್ಟಮ್ಸ್‌ನ ನಿಷೇಧದ ಪಟ್ಟಿಯಲ್ಲಿ ಹೆಸರು ಹಿಡಿದು ಬರೆದಂಥವು. ಉಡಿಯಲ್ಲಿ ಎಲೆ ಇರದಿದ್ದರೆ ಅದು ಉಡಿಯೇ ಅಲ್ಲ ಎಂದರು ಕಾಕು. ಅವರ ಮಾತು ಸರಿ. ಆದರೆ ಅದನ್ನು ಅಲ್ಲಿನ ಅಧಿಕಾರಿಗೆ ನಾನು ವಿವರಿಸಲಾರೆ.

ಗಂಟಿನಲ್ಲಿ ನನ್ನನ್ನು ಹೆಚ್ಚು ಹೆದರಿಸಿದ್ದು ಔಷಧಿಯೇ. ಸಿರಪ್ಪಿನ ಬಾಟಲಿಯ ಹಿಂದೆ ಸಣ್ಣ ಅಕ್ಷರದಲ್ಲಿ ಕೋಡೀನ್ ಎಂದಿತ್ತು. ಮಾತ್ರೆಯ ಪಟ್ಟಿಯಲ್ಲಿ ಪ್ಯಾರಾಸಿಟಮಾಲ್ ಜೊತೆಗೆ ಟ್ರಮಡಾಲ್. ಕೋಡೀನ್ ಅಫೀಮಿನಿಂದ ಬರುವಂಥದ್ದು ಎಂದು ಆಗಲೇ ಹೇಳಿದೆ. ಟ್ರಮಡಾಲ್‌ನ್ನು 2018ರಿಂದ ನಮ್ಮ ದೇಶವೂ ಮಾದಕವಸ್ತು ಕಾಯ್ದೆಯಡಿ ತಂದಿದೆ. ಯುಎಇಯಲ್ಲಿ ಎರಡೂ ನಿಯಂತ್ರಿತ ಔಷಧಿಗಳು. ನಿದ್ದೆಗೆ, ಆತಂಕಕ್ಕೆ ಕೊಡುವ ಆಲ್ಪ್ರಜೋಲಾಮ್, ಕ್ಲೋನಜೆಪಾಮ್ ಕೂಡ ಹಾಗೆಯೇ. ಇಂಥವನ್ನು ಒಯ್ಯಲೇಬೇಕಾದವರು ಹೊರಡುವ ಮೊದಲೇ ಅಲ್ಲಿನ ಸರ್ಕಾರದ ಜಾಲತಾಣದಲ್ಲಿ ಅರ್ಜಿ ಹಾಕಿ, ವೈದ್ಯರ ಚೀಟಿ ಲಗತ್ತಿಸಿ ಅನುಮತಿ ಪಡೆಯಬೇಕು. ಆ ಅನುಮತಿ ರೋಗಿಯ ಹೆಸರಿಗೆ ಸಿಗುತ್ತದೆ. ಇಲ್ಲಿ ರೋಗಿ ಕಾಕುವಿನ ಅಳಿಯ, ಚೀಲ ನನ್ನದು. ನನ್ನ ಹೆಸರಿನ ಚೀಟಿ ಇಲ್ಲ, ನನಗೆ ಕೆಮ್ಮೂ ಇಲ್ಲ. ಬೇರೆಯವರ ಔಷಧಿಯನ್ನು ಒಯ್ಯುವವರಿಗೆ ಹೇಳಿಕೊಳ್ಳಲು ಯಾವ ದಾರಿಯೂ ಉಳಿಯದಿರುವುದು ಇಲ್ಲಿ. ಔಷಧಿಯ ಮೇಲೆ ದೊಡ್ಡದಾಗಿ ಬರೆದ ಹೆಸರು ಕಂಪನಿಯದು, ಅದರಿಂದ ಏನೂ ತಿಳಿಯುವುದಿಲ್ಲ. ಅದರ ಕೆಳಗೆ ಸಣ್ಣದಾಗಿ ಬರೆದ ಘಟಕಗಳನ್ನೇ ಓದಬೇಕು.

ಇನ್ನು ಕೊಟ್ಟವರ ಮನಸ್ಸೇ ಕೆಟ್ಟದ್ದಾಗಿದ್ದರೆ ಏನಾಗುತ್ತದೆ ಎಂಬುದಕ್ಕೆ ಮುಂಬಯಿಯ ಯುವ ದಂಪತಿಯ ಪ್ರಕರಣವಿದೆ. 2019ರ ಜುಲೈನಲ್ಲಿ ಅವರು ಕತಾರಿನ ದೋಹಾಕ್ಕೆ ಹೋದರು. ಪ್ರವಾಸದ ಖರ್ಚು ಪತಿಯ ಸೋದರತ್ತೆಯ ಉಡುಗೊರೆ. ಹೊರಡುವಾಗ ಆಕೆ ಒಂದು ಪೊಟ್ಟಣ ಕೊಟ್ಟು, ಇದು ಜರ್ದಾ, ಅಲ್ಲಿ ಪರಿಚಯದವರಿಗೆ ತಲುಪಿಸಿ ಎಂದಳು. ಹಮದ್ ವಿಮಾನ ನಿಲ್ದಾಣದಲ್ಲಿ ಸಿಕ್ಕಿದ್ದು 4 ಕಿಲೋಗೂ ಹೆಚ್ಚು ಚರಸ್. ಇಬ್ಬರಿಗೂ 10 ವರ್ಷ ಜೈಲು, ದಂಡ ಬೇರೆ. ಹೋಗುವಾಗ ಗರ್ಭಿಣಿಯಾಗಿದ್ದ ಆ ಹುಡುಗಿ ಜೈಲುವಾಸದಲ್ಲೇ ಹಡೆದಳು. ಊರಿನಲ್ಲಿದ್ದ ಆಕೆಯ ತಂದೆ ದೂರು ಕೊಟ್ಟು ಬೆನ್ನುಬಿದ್ದರು. ಅತ್ತೆಯೊಂದಿಗಿನ ಫೋನ್ ಮಾತಿನ ಧ್ವನಿಮುದ್ರಿಕೆ ಕೈಗೆ ಸಿಕ್ಕಿತು. ನಮ್ಮ ಮಾದಕವಸ್ತು ನಿಯಂತ್ರಣ ಸಂಸ್ಥೆ ತನಿಖೆ ಮಾಡಿ ಇವರು ಮೋಸಹೋದವರು ಎಂಬ ತೀರ್ಮಾನಕ್ಕೆ ಬಂತು. ರಾಜತಾಂತ್ರಿಕ ದಾರಿಯಲ್ಲಿ ಆ ದಾಖಲೆಗಳು ಕತಾರ್ ತಲುಪಿ, ಮರುವಿಚಾರಣೆಯಾಗಿ, 2021ರ ಮಾರ್ಚ್ ಕೊನೆಗೆ ಅವರು ನಿರ್ದೋಷಿಗಳೆಂದು ತೀರ್ಪಾಯಿತು. ಏಪ್ರಿಲ್‌ನಲ್ಲಿ ಮಗುವಿನೊಂದಿಗೆ ಮರಳಿದರು.

ಈ ಪ್ರಕರಣ ಸುಖಾಂತವೆಂದು ಹೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಆ ಧ್ವನಿಮುದ್ರಿಕೆ ಇರದೇ ಹೋಗಿದ್ದರೆ? ಓಣಿಯವರು ಬಾಗಿಲಲ್ಲಿ ನಿಂತು ಗಂಟು ಕೊಟ್ಟು ಹೋಗುವಾಗ ಅದನ್ನು ಯಾರು ಮುದ್ರಿಸಿಕೊಂಡಿರುತ್ತಾರೆ? ಅಲ್ಲಿ ಕೊಟ್ಟವಳು ಪರಿಚಿತಳಷ್ಟೇ ಅಲ್ಲ, ಸ್ವಂತ ಅತ್ತೆ. 2023ರ ಏಪ್ರಿಲ್‌ನಲ್ಲಿ ಶಾರ್ಜಾದಲ್ಲಿ ಬಂಧಿತಳಾದ ಹಿಂದಿ ಚಿತ್ರರಂಗದ ನಟಿಯ ಚೀಲದಲ್ಲಿದ್ದದ್ದು ಒಂದು ಟ್ರೋಫಿ. ವೆಬ್ ಸರಣಿಯ ಆಡಿಷನ್ನಿಗೆ ಬೇಕಾಗುತ್ತದೆ ಎಂದು ನಂಬಿಸಿ ಅದನ್ನು ಆಕೆಯ ಕೈಗಿತ್ತಿದ್ದರು. ಅದರೊಳಗೆ ಮಾದಕವಸ್ತು ಇಟ್ಟಿದ್ದರು. ಬಿಡುಗಡೆಯಾಗುವವರೆಗೆ ಆಕೆ ವಾರಗಟ್ಟಲೆ ಜೈಲಿನಲ್ಲಿದ್ದಳು.

ಗೊತ್ತಿರಲಿಲ್ಲ ಎಂಬ ಮಾತು ಯಾಕೆ ಇಷ್ಟು ದುರ್ಬಲ? ನಮ್ಮದೇ ಕಾನೂನು ನೋಡಿದರೆ ಅರ್ಥವಾಗುತ್ತದೆ. ಸಾಮಾನ್ಯ ಅಪರಾಧಗಳಲ್ಲಿ ಆರೋಪಿಗೆ ದುರುದ್ದೇಶವಿತ್ತೆಂದು ಸರ್ಕಾರ ಸಾಬೀತು ಮಾಡಬೇಕು. ಮಾದಕವಸ್ತು ಕಾಯ್ದೆಯ 35 ಮತ್ತು 54ನೇ ಕಲಮುಗಳು ಆ ಕ್ರಮವನ್ನು ತಿರುಗಿಸುತ್ತವೆ. ವಸ್ತು ಯಾರ ಬಳಿ ಸಿಕ್ಕಿತೋ ಅವರಿಗೆ ಅದು ಗೊತ್ತಿತ್ತು ಎಂದೇ ನ್ಯಾಯಾಲಯ ಊಹಿಸಿ ಹೊರಡುತ್ತದೆ. ಗೊತ್ತಿರಲಿಲ್ಲವೆಂದು ಅವರೇ ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಬೇಕು. 1962ರ ಕಸ್ಟಮ್ಸ್ ಕಾಯ್ದೆಯ 138ಎ ಕಲಮು ಕೂಡ ಇದನ್ನೇ ಹೇಳುತ್ತದೆ. ಅದೇ ಕಾಯ್ದೆಯ ಪ್ರಕಾರ ಸುಂಕದ ವಿನಾಯಿತಿ ಇರುವುದು ಪ್ರಯಾಣಿಕರ ಅಥವಾ ಅವರ ಕುಟುಂಬದ ಬಳಕೆಯ ಸಾಮಾನಿಗೆ, ಅವರು ಕೊಡಲಿರುವ ನಿಜವಾದ ಉಡುಗೊರೆಗೆ. ಮತ್ತೊಬ್ಬರ ಪರವಾಗಿ ಮೂರನೆಯವರಿಗೆ ತಲುಪಿಸುವ ಗಂಟನ್ನು ನನ್ನ ಸಾಮಾನು ಎಂದು ಹೇಳಿದಾಗಲೇ ಮೊದಲ ಸುಳ್ಳು ಹೇಳಿದಂತಾಯಿತು.

ಹಾಗಾದರೆ ಒಲ್ಲೆ ಎನ್ನುವುದು ಹೇಗೆ? ಹೆಚ್ಚಿನವರು ತೂಕದ ನೆವ ಹೇಳುತ್ತಾರೆ. ಆ ನೆವ ಯಾವತ್ತೂ ನಿಲ್ಲುವುದಿಲ್ಲ. ಜಾಗವಿಲ್ಲ ಎಂದರೆ ಅರ್ಧ ಕಿಲೋ ಮಾತ್ರ ಎನ್ನುತ್ತಾರೆ, ಅದೂ ಆಗದೆಂದರೆ ಹೆಚ್ಚುವರಿ ತೂಕದ ದುಡ್ಡು ನಾವೇ ಕೊಡುತ್ತೇವೆ ಎನ್ನುತ್ತಾರೆ. ಅಷ್ಟರಲ್ಲಿ ನಮ್ಮ ಬಳಿ ಮಾತು ಮುಗಿದಿರುತ್ತದೆ, ಗಂಟು ಚೀಲ ಸೇರಿರುತ್ತದೆ. ಹಾಗಾಗಿ ಇದ್ದ ಕಾರಣವನ್ನೇ, ಕೇಳಿದ ದಿನವೇ ಹೇಳುವುದು ಒಳ್ಳೆಯದು. "ಕೌಂಟರಿನ್ಯಾಗ ಬ್ಯಾರೆದವರ ಸಾಮಾನು ಐತೇನು ಅಂತ ಕೇಳ್ತಾರ್ರಿ ಕಾಕು. ನಾ ಸುಳ್ಳು ಹೇಳಂಗಿಲ್ಲ" ಎಂದರೆ ಅದರಲ್ಲಿ ಚೌಕಾಸಿಗೆ ಜಾಗವಿಲ್ಲ, ಕಾಕುವಿನ ಮೇಲೆ ಅಪನಂಬಿಕೆಯೂ ಇಲ್ಲ. ಬೇಗ ಹೇಳಿದರೆ ಅವರಿಗೆ ಬೇರೆ ದಾರಿ ಹುಡುಕಲು ಸಮಯ ಸಿಗುತ್ತದೆ. ಹೊರಡುವ ಹಿಂದಿನ ರಾತ್ರಿ, ಕಂದು ಟೇಪು ಸುತ್ತಿದ ಡಬ್ಬಿಯನ್ನು ಯಾರದೋ ಕೈಯಲ್ಲಿ ಕಳಿಸಿ, ಅಲ್ಲಿ ಒಬ್ಬರು ಬಂದು ತೆಗೆದುಕೊಳ್ಳುತ್ತಾರೆ ಎಂದು ಫೋನಿನಲ್ಲಿ ಹೇಳಿದರೆ ಮಾತ್ರ ವಿವರಣೆಯೂ ಬೇಡ, ಅದನ್ನು ಹೊಸ್ತಿಲ ಒಳಗೆ ತೆಗೆದುಕೊಳ್ಳಲೂಬಾರದು. ಬಿಚ್ಚೋಣ ಎಂದಾಗ ಬೇಸರಪಟ್ಟುಕೊಳ್ಳುವವರ ಗಂಟನ್ನೂ ಹಾಗೆಯೇ.

ಕಾಕುವಿನ ಗಂಟಿನಲ್ಲಿ ನಾನು ಒಯ್ದದ್ದು ಖಣ ಮತ್ತು ಕುಲಾಯಿ. ಅವೆರಡನ್ನು ಬಿಡಿಸಿ ನೋಡಿ, ನನ್ನ ಕೈಯಾರೆ ಮಡಚಿಟ್ಟುಕೊಂಡೆ. ಉಳಿದದ್ದಕ್ಕೆ ಅವರಿಗೆ ಬೇಸರವಾಯಿತು. ಕೆಲವು ದಿನ ಮಾತು ಕಡಿಮೆಯಾದದ್ದೂ ಹೌದು. ಅಂಚೆಯಲ್ಲಿ ಕಳಿಸುತ್ತೇನೆ ಎಂದರು. ವಿದೇಶಕ್ಕೆ ಪಾರ್ಸೆಲ್ ಕಳಿಸುವಾಗ ಒಳಗೇನಿದೆ, ಎಷ್ಟು ತೂಕ, ಎಷ್ಟು ಬೆಲೆ ಎಂದು ಕಸ್ಟಮ್ಸ್ ಘೋಷಣೆಯ ಚೀಟಿ ತುಂಬಬೇಕು. ಕಳಿಸುವವರ ಹೆಸರು, ವಿಳಾಸ ಅದರ ಮೇಲಿರುತ್ತದೆ. ಬಟ್ಟೆಬರೆಗೆ ಇದೇ ಸರಿಯಾದ ದಾರಿ, ಹೊಣೆ ಕಳಿಸಿದವರ ಹೆಸರಿನಲ್ಲೇ ಇರುತ್ತದೆ. ಆದರೆ ಗಸಗಸೆ ಅಂಚೆಯಲ್ಲಿ ಹೋದರೂ ಅಲ್ಲಿ ಗಸಗಸೆಯೇ. ಕೊನೆಗೆ ಉಂಡಿಯನ್ನು ಅಲ್ಲೇ ಕಟ್ಟಿದರು. ದುಬೈನ ಕರಾಮಾದಲ್ಲಿ, ಬರ್ ದುಬೈಯಲ್ಲಿ ನಮ್ಮ ದೇಶದ ಕಿರಾಣಿ ಅಂಗಡಿಗಳು ಸಾಲಾಗಿವೆ. ಅಂಟು, ಉತ್ತತ್ತಿ, ಕೊಬ್ಬರಿ, ಬೆಲ್ಲ ಎಲ್ಲವೂ ಸಿಗುತ್ತವೆ. ಕಾಕು ವಿಡಿಯೊ ಕರೆಯಲ್ಲಿ ಅಂಟು ಎಷ್ಟು ಅರಳಬೇಕು, ಬೆಲ್ಲದ ಪಾಕ ಯಾವಾಗ ಇಳಿಸಬೇಕು ಎಂದು ಹೇಳಿಕೊಟ್ಟರು, ಅಳಿಯ ಉಂಡಿ ಕಟ್ಟಿದ. ಗಸಗಸೆ ಬಿಟ್ಟರು. ಅಳಿಯನ ಕೆಮ್ಮಿಗೆ ಅಲ್ಲಿನ ವೈದ್ಯರೇ ಮದ್ದು ಕೊಟ್ಟರು.

ಕಾಗದಪತ್ರದ ಬಗ್ಗೆಯೂ ಒಂದು ಮಾತು. ಬಿಚ್ಚಿದ ಪತ್ರ, ಮದುವೆ ಕರೆಯೋಲೆ ಒಯ್ಯಲು ನನ್ನ ತಕರಾರಿಲ್ಲ. ಅಂಟಿಸಿದ ಲಕೋಟೆ ಮಾತ್ರ ಬೇಡ. ನಮ್ಮವರು ಲಕೋಟೆಯಲ್ಲಿ ಆಹೇರಿಯ ನೋಟು ಇಡುತ್ತಾರೆ. ಇಲ್ಲಿಂದ ಹೊರಡುವ ನಿವಾಸಿಗಳು ಒಯ್ಯಬಹುದಾದ ಭಾರತೀಯ ನೋಟು 25,000 ರೂಪಾಯಿ. ಲಕೋಟೆಯೊಳಗಿನದೂ ನನ್ನ ಲೆಕ್ಕಕ್ಕೇ ಸೇರುತ್ತದೆ.

ಮರಳಿ ಬರುವಾಗ ಕೋರಿಕೆ ಬಂಗಾರದ್ದು. ಸರ ಒಂದನ್ನು ಕೊರಳಿಗೆ ಹಾಕಿಕೊಂಡು ಬಾ, ಯಾರೂ ಕೇಳುವುದಿಲ್ಲ ಎನ್ನುತ್ತಾರೆ. ಆಭರಣಕ್ಕೆ ಸುಂಕದ ವಿನಾಯಿತಿ ಇರುವುದು ಒಂದು ವರ್ಷಕ್ಕಿಂತ ಹೆಚ್ಚು ಹೊರಗೆ ನೆಲೆಸಿ ಬರುವವರಿಗೆ. ತಿಂಗಳೊಪ್ಪತ್ತು ಇದ್ದು ಬರುವ ನನ್ನಂಥವರಿಗೆ ಅದು ಅನ್ವಯಿಸುವುದೇ ಇಲ್ಲ. ಕಳ್ಳಸಾಗಣೆಯದೆಂದು ಬಂಗಾರವನ್ನು ಹಿಡಿದರೆ, ಅಲ್ಲವೆಂದು ತೋರಿಸುವ ಭಾರವೂ ಅದು ಯಾರ ಬಳಿ ಸಿಕ್ಕಿತೋ ಅವರದೇ. ಬಿಲ್ಲಿನ ಮೇಲೆ ಇನ್ನೊಬ್ಬರ ಹೆಸರಿದ್ದರೆ ಹೇಳುವುದೇನನ್ನು?

ಮನೆಯವರು ನಾಚಿಕೆಗೆ ಸಿಕ್ಕಿ ಯಾರದೋ ಪೊಟ್ಟಣವನ್ನು ಚೀಲಕ್ಕೆ ಹಾಕಿರುವುದು ನಿಲ್ದಾಣದಲ್ಲಿ ತಿಳಿದರೆ, ಪಟ್ಟಿ ಸುತ್ತುವ ಮೊದಲೇ ಚೀಲವನ್ನು ಕೌಂಟರಿನಿಂದ ಇಳಿಸಿಕೊಳ್ಳಬೇಕು. ಬೀಳ್ಕೊಡಲು ಬಂದವರು ಹೊರಗೆ ಇನ್ನೂ ಇದ್ದರೆ ಅವರ ಕೈಗೆ ಕೊಡಬಹುದು. ಒಳಗೇನಿದೆಯೋ ಎಂಬ ಅನುಮಾನವೇ ಬಂದರೆ ಕಸದ ಬುಟ್ಟಿಗೆ ಹಾಕದೆ, ಮುಟ್ಟಿ ಬಿಚ್ಚದೆ ಅಲ್ಲಿರುವ ಭದ್ರತಾ ಸಿಬ್ಬಂದಿಗೆ ಹೇಳಬೇಕು, ಕೊಟ್ಟವರ ಹೆಸರು, ಫೋನ್ ನಂಬರಿನೊಂದಿಗೆ. ಆ ತುದಿಯಲ್ಲಿ ಇಳಿದ ಮೇಲೆ ನೆನಪಾದರೆ ಹಸಿರು ದಾರಿಯಲ್ಲಿ ಹೋಗದೆ, ಚೀಲ ಎಕ್ಸ್-ರೇಗೆ ಹೋಗುವ ಮುನ್ನ, ಕೆಂಪು ದಾರಿಗೆ ಹೋಗಿ ತಾನಾಗಿ ಹೇಳುವುದೊಂದೇ ಉಳಿದಿರುವುದು. ಕೇಳಿದ ಮೇಲೆ ಹೇಳುವುದಕ್ಕಿಂತ ಕೇಳುವ ಮೊದಲು ಹೇಳಿದ್ದಕ್ಕೆ ಅಧಿಕಾರಿಯ ವರದಿಯಲ್ಲೂ ಮುಂದೆ ವಕೀಲರ ಕೈಯಲ್ಲೂ ಬೆಲೆ ಹೆಚ್ಚು.